ಆರು ಬಾಲ್, ಒಂದು ಮಾತು

ನಮ್ಮ ಪಿ.ಟಿ. ಮೇಷ್ಟ್ರು ಬ್ಯಾಟಿಂಗ್ ಕಲಿಸುವಾಗ ಮಾತಾಡುತ್ತಿದ್ದದ್ದು ಬಹಳ ಕಡಿಮೆ. ಆರು ಬಾಲ್ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು, ಒಂದೇ ಒಂದು ತಪ್ಪು ತಿದ್ದುತ್ತಿದ್ದರು, ತಕ್ಷಣ ಮತ್ತೆ ಆರು ಬಾಲ್. ಈಗ ರಜಾ ದಿನಗಳಲ್ಲಿ ನಾನೂ ಮಕ್ಕಳಿಗೆ ಬ್ಯಾಟಿಂಗ್ ಹೇಳಿಕೊಡುತ್ತೇನೆ. ಹಾಗಾಗಿ ಪತ್ರಿಕೆಗೆ ನೆನಪು ಬರೆಯಿರಿ ಅಂದಾಗ ಬೇರೆ ಏನೂ ಹೊಳೆಯಲಿಲ್ಲ, ಅವರ ಈ ಪದ್ಧತಿಯನ್ನೇ ಬರೆಯೋಣ ಅನ್ನಿಸಿತು.

ನಮ್ಮ ಜೊತೆ ಒಬ್ಬ ಕುಳ್ಳ ಹುಡುಗ ಇದ್ದ, ಬಲಗೈ ಬ್ಯಾಟ್ಸ್‌ಮನ್. ಕಣ್ಣು ಚುರುಕು, ಭಯ ಇಲ್ಲ. ಆದರೆ ನೇರವಾಗಿ ಬಂದ ಬಾಲನ್ನು ಮುಂದೆ ಬಂದು ತಡೆಯಲು ಹೋದರೆ ಅದು ಮಿಡ್ ವಿಕೆಟ್ ಕಡೆಗೇ ಓಡುತ್ತಿತ್ತು. ಬ್ಯಾಟಿಗೆ ತಾಗದೆ ಹೋದರೆ ಬೌಲ್ಡ್. ನೋಡಿದವರೆಲ್ಲ ಹೇಳುತ್ತಿದ್ದದ್ದು ಒಂದೇ: "ಕಾಲು ಮುಂದೆ ಹಾಕೋ!" ಅವನು ಕಾಲು ಹಾಕುತ್ತಲೇ ಇದ್ದ, ಪಾಪ.

ಮೇಷ್ಟ್ರು ಅವನ ಮುಂದೆ ಏಳೆಂಟು ಹೆಜ್ಜೆ ದೂರ ನಿಂತು, ಟೆನಿಸ್ ಬಾಲನ್ನು ಕೆಳಗೈಯಿಂದ ಎಸೆದರು. ಆರೂ ಒಂದೇ ಕಡೆ, ಮಿಡಲ್ ಸ್ಟಂಪಿನ ಮೇಲೆ, ಮುಂದೆ ಬಂದು ಆಡಬೇಕಾದ ಲೆಂತ್‌ನಲ್ಲಿ. ತಮ್ಮ ಎರಡೂ ಪಕ್ಕಕ್ಕೆ ಒಂದೊಂದು ಕಲ್ಲು ಇಟ್ಟಿದ್ದರು. ತಡೆದ ಬಾಲ್ ಆ ಕಲ್ಲುಗಳ ನಡುವೆ ಉರುಳಿ ವಾಪಸ್ ಬರಬೇಕು. ಈ ಕಲ್ಲುಗಳೇ ಅರ್ಧ ಕೆಲಸ ಮಾಡುತ್ತಿದ್ದವು. ಸರಿಯೋ ತಪ್ಪೋ ಅಂತ ಯಾರೂ ಹೇಳಬೇಕಾಗಿರಲಿಲ್ಲ, ಹುಡುಗನಿಗೇ ಕಾಣುತ್ತಿತ್ತು.

ಮೊದಲ ಆರರಲ್ಲಿ ಒಂದೇ ಒಂದು ನಡುವೆ ಬಂತು. "ಎಲ್ಲಿಗೆ ಹೋಯ್ತು?" ಅಂತ ಕೇಳಿದರು. "ಎಲ್ಲಾ ಲೆಗ್ ಸೈಡಿಗೆ ಸಾರ್." "ಹಾಗಾದ್ರೆ ಬ್ಯಾಟಿನ ಮುಖ ಎಲ್ಲಿಗೆ ತಿರುಗಿತ್ತು?" ಅವನು ಸ್ವಲ್ಪ ಯೋಚಿಸಿ ಬ್ಯಾಟನ್ನು ತಾನೇ ಎಡಕ್ಕೆ ತಿರುಗಿಸಿ ತೋರಿಸಿದ. ಅಲ್ಲಿಗೆ ಅವರಿಗೆ ಬೇಕಾದ ಉತ್ತರ ಸಿಕ್ಕಿತು. ಮುಖ ತಿರುಗಿಸುವುದು ಕಾಲಲ್ಲ, ಕೈ.

ಅವನ ಕೆಳಗಿನ ಕೈಯ ಅಂಗೈ ಪೂರ್ತಿ ಹಿಡಿಯ ಹಿಂಬದಿಗೆ ಸರಿದಿತ್ತು. ಹೀಗೆ ಹಿಡಿದರೆ ಆ ಕೈ ಬ್ಯಾಟನ್ನು ತಳ್ಳುತ್ತದೆ. ಮೇಲಿನ ಕೈಯ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ, ಬ್ಯಾಟು ನೇರ ಬರದೆ ಅಡ್ಡ ತಿರುಗುತ್ತದೆ. ಮೇಷ್ಟ್ರು ಬ್ಯಾಟನ್ನು ನೆಲದ ಮೇಲೆ ಮುಖ ಕೆಳಗೆ ಮಾಡಿ, ಹಿಡಿ ಅವನ ಕಡೆ ಬರುವಂತೆ ಇಟ್ಟರು. "ಕೊಡಲಿ ಎತ್ತೋ ಹಾಗೆ ಎತ್ತು," ಅಂದರು. ಹಾಗೆ ಎತ್ತಿದಾಗ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳಿನ ನಡುವೆ ಇಂಗ್ಲಿಷಿನ 'ವಿ' ಆಕಾರ ಬರುತ್ತದೆ. ಆ ಎರಡು 'ವಿ'ಗಳೂ ಒಂದೇ ಸಾಲಿನಲ್ಲಿರಬೇಕು. ಬ್ಯಾಟಿನ ಬೆನ್ನ ನಡುವೆ ಉಬ್ಬಿದ ಗೆರೆ ಇರುತ್ತದಲ್ಲ, ಅದಕ್ಕೂ ಹೊರ ಅಂಚಿಗೂ ಮಧ್ಯೆ ಈ ಸಾಲು ಬರಬೇಕು. ಅವರು ಸೀಮೆಸುಣ್ಣದಲ್ಲಿ ಹಿಡಿಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದುಬಿಟ್ಟರು. ಪ್ರತಿ ಬಾಲಿಗೆ ಮುಂಚೆ ಅವನೇ ನೋಡಿಕೊಳ್ಳಬೇಕು. ಅಷ್ಟೇ, ಕಾಲಿನ ಬಗ್ಗೆ ಒಂದು ಮಾತೂ ಇಲ್ಲ.

ಎರಡನೇ ಸುತ್ತಿನಲ್ಲಿ ಅವನ ಆಟ ಮೊದಲಿಗಿಂತ ಕೆಟ್ಟದಾಗಿ ಕಂಡಿತು. ಹೊಸ ಹಿಡಿತ ಯಾವಾಗಲೂ ಹೀಗೇ, ಕೈ ಬೇರೆ ಯಾರದೋ ಅನ್ನಿಸುತ್ತದೆ. ಹೇಳಿಕೊಡುವವರು ಅವಸರ ಮಾಡಿ ಎರಡನೇ ಸಲಹೆ ಕೊಡುವುದು ಇಲ್ಲಿಯೇ. ಮೇಷ್ಟ್ರು ಏನೂ ಹೇಳದೆ ಅದೇ ಗೆರೆಯಲ್ಲಿ ಇನ್ನೊಂದು ಸುತ್ತು ಆಡಿಸಿದರು. ಬಾಲ್ ನೇರ ಬರತೊಡಗಿತು.

ಆದರೆ ಈಗ ಗಾಳಿಯಲ್ಲಿ ಎದ್ದು ಬರುತ್ತಿತ್ತು! ಮ್ಯಾಚಿನಲ್ಲಾದರೆ ಸಲೀಸಾದ ಕ್ಯಾಚು. ಇದು ಬೇರೆ ತಪ್ಪು, ಹಿಡಿತದ್ದಲ್ಲ. ಅವನು ಬಾಲಿಗಾಗಿ ಕೈ ಚಾಚುತ್ತಿದ್ದ. ಕೈ ಚಾಚಿದರೆ ಬ್ಯಾಟಿನ ತುದಿ ಹಿಡಿಗಿಂತ ಮುಂದೆ ಹೋಗುತ್ತದೆ, ಮುಖ ಆಕಾಶ ನೋಡುತ್ತದೆ. ತಡೆಯುವಾಗ ಆಗಬೇಕಾದ್ದು ಇದರ ಉಲ್ಟಾ: ಹಿಡಿ ಮುಂದೆ, ತುದಿ ಹಿಂದೆ, ಬಾಲ್ ನೆಲಕ್ಕೆ. ಅದಕ್ಕೆ ತಲೆ ಮುಂದೆ ಬರಬೇಕು, ಮುಂದಿನ ಮೊಣಕಾಲು ಬಾಗಬೇಕು, ಕೆಳಗಿನ ಕೈ ಸಡಿಲ ಇರಬೇಕು. ಮೂರು ಸಂಗತಿ, ಅಲ್ವಾ? ಹತ್ತು ವರ್ಷದ ಹುಡುಗನಿಗೆ ಮೂರನ್ನೂ ಹೇಳಿದರೆ ಒಂದೂ ಉಳಿಯುವುದಿಲ್ಲ. ಅವರು ಹೇಳಿದ್ದು ಇಷ್ಟು: "ಬಾಲ್ ನಿನ್ನ ಮೂಗಿನ ಕೆಳಗೆ ಬರೋವರೆಗೂ ಕಾಯಿ." ಕಾದರೆ ಕೈ ಚಾಚುವ ಅಗತ್ಯವೇ ಬರುವುದಿಲ್ಲ. ಮೂಗಿನ ಕೆಳಗೆ ಮುಟ್ಟಬೇಕೆಂದರೆ ತಲೆ ತಾನಾಗಿಯೇ ಮುಂದೆ ಬರುತ್ತದೆ, ತಲೆಯ ಹಿಂದೆ ಮೊಣಕಾಲು ಬಾಗುತ್ತದೆ.

ಇನ್ನೊಂದು ನಿಯಮ ಇತ್ತು. ಪ್ರತಿ ಸುತ್ತಿನ ಕೊನೆಯ ಬಾಲ್ ಆಡಿದ ಮೇಲೆ ಹಾಗೇ ನಿಂತುಬಿಡಬೇಕು, ಅಲ್ಲಾಡಬಾರದು. ಮೇಷ್ಟ್ರು ಬಂದು ಬ್ಯಾಟಿಗೂ ಪ್ಯಾಡಿಗೂ ನಡುವೆ ಲೆದರ್ ಬಾಲನ್ನು ತೂರಿಸಿ ನೋಡುತ್ತಿದ್ದರು. ಆ ಬಾಲಿನ ಅಗಲ ಸುಮಾರು 7 ಸೆಂಟಿಮೀಟರ್. ಅದು ತೂರಿದರೆ ಬೌಲರ್‌ನ ಬಾಲೂ ತೂರುತ್ತದೆ. ಆ ಹುಡುಗನ ವಿಷಯದಲ್ಲಿ ಮೊದಲು ಸಲೀಸಾಗಿ ತೂರಿತು. ಬೈಯಲಿಲ್ಲ, ಬಾಲನ್ನು ಅವನ ಕೈಗೆ ಕೊಟ್ಟು "ಮುಂದಿನ ಸಲ ನೀನೇ ನೋಡ್ಕೋ" ಅಂದರು. ಅವನ ನಿಲುವಿನ ದೋಷ ಗೊತ್ತಾಗಿದ್ದೂ ಹೀಗೆಯೇ. ನಿಂತಲ್ಲೇ ತಲೆ ಆಫ್ ಸೈಡಿಗೆ ವಾಲಿರುತ್ತಿತ್ತು. ಅದರಿಂದ ಭಾರವೆಲ್ಲ ಆ ಕಡೆ ಬಿದ್ದು ಮುಂಗಾಲು ಅಡ್ಡ ಬೀಳುತ್ತಿತ್ತು, ಬ್ಯಾಟು ಕಾಲನ್ನು ಸುತ್ತಿಕೊಂಡು ಬರಬೇಕಾಗುತ್ತಿತ್ತು. ಎರಡೂ ಕಣ್ಣು ಸಮ ಇರಲಿ, ಭಾರ ಪಾದದ ಮುಂಭಾಗದಲ್ಲಿ ಇರಲಿ ಅನ್ನುವುದು ಮರುದಿನದ ಪಾಠವಾಯಿತು.

ಮರುದಿನ ಅಂದೆನಲ್ಲ, ಅದರ ಶುರುವೇ ನನಗೆ ಈಗ ಬಹಳ ಉಪಯೋಗಕ್ಕೆ ಬರುತ್ತಿರುವುದು. ಮೊದಲ ಆರು ಬಾಲಿಗೆ ಗೆರೆ ಇಲ್ಲ, ಎಚ್ಚರಿಕೆ ಇಲ್ಲ, ಹಿಂದಿನ ದಿನದ ನೆನಪು ಮಾಡುವುದೂ ಇಲ್ಲ. ಸುಮ್ನೆ ಎಸೆದು ಎಣಿಸುತ್ತಿದ್ದರು. ಹಿಂದಿನ ಸಂಜೆ ಆರಕ್ಕೆ ಐದು ಬಂದಿದ್ದು ಬೆಳಿಗ್ಗೆ ಮೂರಕ್ಕೆ ಇಳಿದರೆ ಆ ಮೂರೇ ಅವರ ಲೆಕ್ಕ. ಪ್ರತಿ ಬಾಲಿಗೂ ಹೇಳುತ್ತಾ ಹೋದರೆ ಆ ಕ್ಷಣಕ್ಕೆ ಮಕ್ಕಳು ಚೆನ್ನಾಗಿ ಆಡುತ್ತಾರೆ, ಆದರೆ ಆಡಿಸುತ್ತಿರುವುದು ಮೇಷ್ಟ್ರ ಬಾಯಿ. ಬಾಯಿ ನಿಂತ ಕೂಡಲೇ ಆಟವೂ ನಿಲ್ಲುತ್ತದೆ. ನಾನು ಹೇಳಿಕೊಡುವ ಮಕ್ಕಳಲ್ಲೂ ಇದನ್ನು ನೋಡಿದ್ದೇನೆ, ಅದರಲ್ಲೂ ಬೌಂಡರಿ ಆಚೆ ನಿಂತು ಅಪ್ಪ ಕೂಗುತ್ತಿದ್ದರೆ ಇನ್ನೂ ಜಾಸ್ತಿ.

ಕೆಳಗೈ ಎಸೆತದಿಂದ ಎಲ್ಲವೂ ಬರುವುದಿಲ್ಲ. ಆರೂ ಬಾಲ್ ಒಂದೇ ಜಾಗದಲ್ಲಿ ಬೀಳುತ್ತವೆ ಅಂತ ಗೊತ್ತಿದ್ದರೆ ಲೆಂತ್ ನೋಡುವ ಕೆಲಸವೇ ಇಲ್ಲ. ಬೌಲರ್‌ನ ಕೈ ನೋಡಿ ಮುಂದೆ ಬರಬೇಕೋ ಹಿಂದೆ ಹೋಗಬೇಕೋ ಅಂತ ತೀರ್ಮಾನಿಸುವುದು ಬೇರೆಯೇ ಕಲಿಕೆ. ಅದಕ್ಕೇ ಆರಕ್ಕೆ ಐದು ಬರತೊಡಗಿದ ಮೇಲೆ ಅವರು ನಡುನಡುವೆ ಹೇಳದೆ ಒಂದೆರಡು ಶಾರ್ಟ್ ಬಾಲ್ ಸೇರಿಸುತ್ತಿದ್ದರು. ಆಮೇಲೆ ದೊಡ್ಡ ಹುಡುಗರಿಂದ ನಿಜವಾದ ಬೌಲಿಂಗ್. ಎಣಿಕೆ ಮತ್ತೆ ಎರಡಕ್ಕೋ ಮೂರಕ್ಕೋ ಬೀಳುತ್ತಿತ್ತು. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಎಲ್ಲರ ಹಿಡಿತವನ್ನೂ ಅವರು ತಿದ್ದಲಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮಲ್ಲಿ ಒಬ್ಬಳ ಎರಡು 'ವಿ'ಗಳೂ ಬೇರೆ ಬೇರೆ ದಿಕ್ಕು ನೋಡುತ್ತಿದ್ದವು. ನಾವು ತೋರಿಸಿ ದೂರು ಹೇಳಿದೆವು. ಟೆಸ್ಟ್‌ನಲ್ಲಿ 99.94 ಸರಾಸರಿ ಇಟ್ಟ ಬ್ರಾಡ್ಮನ್ ಹಿಡಿತವೂ ಪುಸ್ತಕದ ಪ್ರಕಾರ ಇರಲಿಲ್ಲ ಅಂದರು ಮೇಷ್ಟ್ರು. ಅವಳು ತಡೆದ ಬಾಲ್ ಕಲ್ಲುಗಳ ನಡುವೆಯೇ ಬರುತ್ತಿತ್ತು. ಅವಳ ಬ್ಯಾಟಿನ ಮೇಲೆ ಅವರು ಗೆರೆ ಎಳೆಯಲೇ ಇಲ್ಲ.