ಮೇ ತಿಂಗಳಲ್ಲಿ ಬಂದ ಕೊನೆ ಕೂಲಿ

"ಮೇ ತಿಂಗಳಲ್ಲಿ ನಾನು ಕೊನೆ ತೆಗೆಸಿಲ್ಲ ಮೇಡಂ. ಅದು ನಿಮಗೂ ಗೊತ್ತಲ್ವಾ?"

ಸೋಮವಾರ ಫೋನಿನಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೇಳಿದ ಮಾತು ಇದು. ಕೊನೆ ತೆಗೆಸುವುದು ಅಂದರೆ ಮರದಿಂದ ಅಡಿಕೆ ಗೊನೆ ಇಳಿಸುವುದು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಶಿವಮೊಗ್ಗದ ಮಂಡಿಯೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು ನಾನು. ಆ ಅನುಭವದಿಂದಲೇ ತೋಟದ ಖರ್ಚು, ಕೂಲಿ, ಮಾರಾಟದ ಎಕ್ಸೆಲ್ ಟೆಂಪ್ಲೇಟ್ ಮಾಡಿ ಮಾರುತ್ತಿದ್ದೇನೆ.

ಅವರು ನನ್ನ ಟೆಂಪ್ಲೇಟಿನಲ್ಲಿ ಬರೆದದ್ದು ನವೆಂಬರ್‌ನಲ್ಲಿ ಕೊನೆ ತೆಗೆಸಿದ ಕೂಲಿ. 5ನೇ ತಾರೀಕು 6,000 ರೂಪಾಯಿ, 7ಕ್ಕೆ 4,500, 14ಕ್ಕೆ 7,000, 18ಕ್ಕೆ 5,500. ಒಟ್ಟು 23,000. ಆದರೆ ತಿಂಗಳ ಪಟ್ಟಿಯಲ್ಲಿ ನವೆಂಬರ್ ಸೊನ್ನೆ. ಮೇನಲ್ಲಿ 6,000, ಜುಲೈನಲ್ಲಿ 4,500. ಉಳಿದ 12,500 ಯಾವ ತಿಂಗಳಲ್ಲೂ ಇಲ್ಲ.

ಫೈಲ್ ತರಿಸಿಕೊಂಡು ನೋಡಿದೆ. ಸೂತ್ರಗಳು ಸರಿಯಾಗಿಯೇ ಇದ್ದವು. ತೊಂದರೆ ಅವರ ಮಗನ ಲ್ಯಾಪ್‌ಟಾಪಿನಲ್ಲಿತ್ತು. ವಿಂಡೋಸ್‌ನ Region ಸೆಟ್ಟಿಂಗ್ English (United States) ಅಂತಿತ್ತು. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ 5/11/2025 ಅಂತ ಬರೆದರೆ ಎಕ್ಸೆಲ್ ಅದನ್ನು ಮೇ 11 ಅಂತ ತಿಳಿಯುತ್ತದೆ. 7/11 ಜುಲೈ 11 ಆಗುತ್ತದೆ. 14ನೇ ತಿಂಗಳು ಅನ್ನೋದೇ ಇಲ್ಲವಲ್ಲ, ಹಾಗಾಗಿ 14/11/2025 ತಾರೀಕೇ ಆಗದೆ ಬರೀ ಅಕ್ಷರವಾಗಿ ಕೂರುತ್ತದೆ. ತಿಂಗಳವಾರು ಕೂಡುವ SUMIFS ಅದನ್ನು ಬಿಟ್ಟುಬಿಡುತ್ತದೆ. ಒಂದು ಎಚ್ಚರಿಕೆಯೂ ಬರುವುದಿಲ್ಲ.

ಸೆಲ್‌ಗೆ dd/mm/yyyy ಅಂತ ಫಾರ್ಮ್ಯಾಟ್ ಕೊಟ್ಟಿದ್ದರೂ ಇದು ತಪ್ಪುವುದಿಲ್ಲ. ಫಾರ್ಮ್ಯಾಟ್ ತೋರಿಸುವ ರೀತಿಯನ್ನಷ್ಟೇ ಬದಲಿಸುತ್ತದೆ, ಓದುವ ರೀತಿಯನ್ನಲ್ಲ. ಗುರುತು ಹಿಡಿಯುವುದು ಸುಲಭ. 5/11 ಅಂತ ಬರೆದು ಎಂಟರ್ ಒತ್ತಿದಾಗ 11/05 ಅಂತ ತಿರುಗಿ ನಿಂತರೆ ತಿಂಗಳು ಅದಲು ಬದಲಾಗಿದೆ. ನಿಜವಾದ ತಾರೀಕು ತಾನಾಗಿ ಸೆಲ್‌ನ ಬಲಕ್ಕೆ ಕೂರುತ್ತದೆ. ಎಡಕ್ಕೆ ಅಂಟಿಕೊಂಡಿದ್ದರೆ ಅದು ಅಕ್ಷರ.

ಮಗ ಲ್ಯಾಪ್‌ಟಾಪ್ ಕೊಟ್ಟು ಬೆಂಗಳೂರಿಗೆ ಹೋದವನು. "ಯಾವುದಾದ್ರೂ ಆ್ಯಪ್ ಹಾಕ್ಕೋ ಅಪ್ಪ" ಅಂದನಂತೆ. ನನಗೆ ಅದು ಸರಿ ಕಾಣಲಿಲ್ಲ. ಅಪ್ಪನ ನೋಟ್ ಪುಸ್ತಕವನ್ನೂ ಪರದೆಯನ್ನೂ ಪಕ್ಕ ಪಕ್ಕ ಇಟ್ಟು ಹತ್ತು ನಿಮಿಷ ನೋಡಿದ್ದರೆ ಅವನಿಗೇ ಸಿಗುತ್ತಿತ್ತು.

ಮೇ ತಿಂಗಳಲ್ಲಿ ಕೊನೆ ತೆಗೆಸಿಲ್ಲ, ಅದು ನಿಮಗೂ ಗೊತ್ತಲ್ವಾ? ಹೌದು, ಗೊತ್ತು. ಜುಲೈನಲ್ಲಿ ಮಲೆನಾಡಿನ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತಾರೆ, ಕೊನೆ ತೆಗೆಯುವವರು ಬರುವುದಿಲ್ಲ. ಸಾವಿರ ಟೆಂಪ್ಲೇಟ್‌ಗಳನ್ನು ಒಂದೇ ಕಟ್ಟಾಗಿ ಅಗ್ಗಕ್ಕೆ ಮಾರುವವರಿಗೆ ಜುಲೈನ 4,500 ಬರೀ ಒಂದು ಅಂಕಿ. ಅವರಿಂದ ಕೊಂಡಿದ್ದರೆ ಈ ಯಜಮಾನರು ಯಾರನ್ನು ಕೇಳಬೇಕಿತ್ತು? ಸೂತ್ರ ಬರೆಯಲು ಯಾರು ಬೇಕಾದರೂ ಕಲಿಯಬಹುದು. ನನ್ನಿಂದ ಜನ ಕೊಳ್ಳುವುದು ಈ "ನಿಮಗೂ ಗೊತ್ತಲ್ವಾ"ವನ್ನು ನಂಬಿ. ಹಾಗಾದರೆ ನನಗೆ ಗೊತ್ತಿರುವುದು ಫೈಲಿನ ಒಳಗೂ ಇರಬೇಕು.

ಅದಕ್ಕೆ ತಾರೀಕನ್ನು ಮೂರು ಕಾಲಮ್ ಮಾಡಿದೆ. A ದಿನ, B ತಿಂಗಳು, C ವರ್ಷ. ಪಕ್ಕದ ಸೆಲ್‌ನಲ್ಲಿ ಈ ಸೂತ್ರ:

```
=IF(C5="","",DATE(C5,B5,A5))
```

ಇಲ್ಲಿ ಯಾವುದು ದಿನ, ಯಾವುದು ತಿಂಗಳು ಅಂತ ಎಕ್ಸೆಲ್ ಊಹಿಸುವಂತಿಲ್ಲ. ಲ್ಯಾಪ್‌ಟಾಪಿನ ಸೆಟ್ಟಿಂಗ್ ಹೇಗಿದ್ದರೂ ನವೆಂಬರ್ ನವೆಂಬರ್ ಆಗಿಯೇ ಇರುತ್ತದೆ. ಮಂಡಿಯಲ್ಲಿ ಸಂಜೆ ತಾಳೆ ನೋಡುತ್ತಿದ್ದ ಹಾಗೆ ಒಂದು ಸಾಲನ್ನೂ ಸೇರಿಸಿದೆ. ಬರೆದ ಎಲ್ಲ ಮೊತ್ತದಲ್ಲಿ ಹನ್ನೆರಡು ತಿಂಗಳ ಮೊತ್ತ ಕಳೆದರೆ ಸೊನ್ನೆ ಬರಬೇಕು. ಹಳೆಯ ಫೈಲಿನಲ್ಲಿ ಅದು ಇವರಿಗೆ 12,500 ತೋರಿಸುತ್ತಿತ್ತು. ಆದರೆ ಮೇ, ಜುಲೈಗೆ ಹೋದ 10,500 ತಾಳೆಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಅದು ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಬಂದೇ ಇದೆ. ಅದಕ್ಕಾಗಿ ಬೇರೆ ನಿಯಮ: ಮೇ, ಜೂನ್, ಜುಲೈನಲ್ಲಿ ಕೊನೆ ಕೂಲಿ ಬಂದರೆ ಸಾಲು ಕೆಂಪಾಗುತ್ತದೆ.

ಕಷ್ಟ ಇರುವುದು ಹಳೆಯ ಪ್ರತಿಗಳಲ್ಲಿ. ಮಾರಿದ ಫೈಲ್ ಕೊಂಡವರ ಹತ್ತಿರವೇ ಉಳಿಯುತ್ತದೆ. ನಾನು ಇಲ್ಲಿ ತಿದ್ದಿದರೆ ಅಲ್ಲಿ ತಿದ್ದಿದಂತಾಗುವುದಿಲ್ಲ. ತಿರುಗಿ ಕೂತ ತಾರೀಕುಗಳನ್ನು ಸೂತ್ರದಿಂದ ವಾಪಸ್ ತಿರುಗಿಸುವಂತೆಯೂ ಇಲ್ಲ. ಸೆಟ್ಟಿಂಗ್ ಸರಿಯಿದ್ದ ಬೇರೆ ಕಂಪ್ಯೂಟರಿನಲ್ಲಿ ಬರೆದ ಸಾಲಾದರೆ ಮೇ 11ಕ್ಕೆ ನಿಜವಾಗಿಯೂ ಬೇಲಿ ಕಟ್ಟಿಸಿದ ಕೂಲಿ ಇರಬಹುದು, ಅದೂ ನವೆಂಬರ್‌ಗೆ ಹೋಗಿಬಿಡುತ್ತದೆ. ನೋಟ್ ಪುಸ್ತಕ ನೋಡಿ ಒಂದೊಂದೇ ಸಾಲು ಕೈಯಲ್ಲೇ ತಿದ್ದಬೇಕು.

ಕೊಂಡವರಿಗೆಲ್ಲ ಹೊಸ ಫೈಲ್ ಕಳಿಸಿ, ದುಡ್ಡು ಕೇಳದೆ ಫೋನ್ ಮಾಡುತ್ತಿದ್ದೇನೆ. ಮೊದಲು ತಾರೀಕಿನ ಕಾಲಮ್ ನೋಡಲು ಹೇಳುತ್ತೇನೆ. ಎಡಕ್ಕೆ ಕೂತ ಸಾಲು ಒಂದೇ ಒಂದು ಸಿಕ್ಕರೂ ಆ ವರ್ಷದ ಪುಸ್ತಕ ಹಿಡಿದು ಇಬ್ಬರೂ ಜೊತೆಗೆ ಕೂರುತ್ತೇವೆ.