ಮುತ್ತಿನ ಸರಕ್ಕೆ ಯಾವ ದಾರ?

"ಅಣ್ಣಾ, ನೈಲಾನ್ ದಾರಾನೇ ಹಾಕಿ, ಗಟ್ಟಿ ಇರುತ್ತೆ." ಸರ ಪೋಣಿಸುವ ನನ್ನ ಕೆಲಸದಲ್ಲಿ ತುಂಬಾ ಕೇಳುವ ಮಾತು ಇದು. ನೈಲಾನ್ ಗಟ್ಟಿ ಅನ್ನುವುದು ನಿಜವೇ. ಬೆವರಿಗೆ ಬೇಗ ಹಾಳಾಗುವುದಿಲ್ಲ, ರೇಷ್ಮೆಯಷ್ಟು ಹಿಗ್ಗುವುದೂ ಇಲ್ಲ. ಆದರೆ ಮುತ್ತನ್ನು ಕಾಪಾಡುವುದು ದಾರಕ್ಕಿಂತ ಜಾಸ್ತಿ ಅದರ ಗಂಟು.

ಈಚೆಗೆ ಒಬ್ಬರು ತಂದ ಸರ ನೋಡಿ. 16 ಇಂಚು, 7 ಮಿ.ಮೀ. ದಪ್ಪದ 58 ಮುತ್ತು. ಮೀನಿನ ಗಾಳದ ದಾರದಂಥ ಒಂಟಿ ಎಳೆ ನೈಲಾನಿನಲ್ಲಿ ಯಾರೋ ಗಂಟೇ ಇಲ್ಲದೆ ಪೋಣಿಸಿದ್ದರು. ಮುತ್ತು ಮೆತ್ತಗಿನ ವಸ್ತು, ಒಂದಕ್ಕೊಂದು ಉಜ್ಜಿ ತೂತಿನ ಬಾಯಿಯ ಸುತ್ತ ಹೊಳಪು ಹೋಗಿತ್ತು. ಒಮ್ಮೆ ಹೋದ ಹೊಳಪು ಮತ್ತೆ ಬರುವುದಿಲ್ಲ. ಮುಂದೆ ಸವೆಯದಂತೆ ತಡೆಯಬಹುದು ಅಷ್ಟೇ. ಮತ್ತೆ, ಗಂಟಿಲ್ಲದ ಸರ ಕಡಿದರೆ ಎಲ್ಲ ಮುತ್ತೂ ನೆಲಕ್ಕೆ. ಗಂಟಿದ್ದರೆ ಹೋಗುವುದು ಹೆಚ್ಚೆಂದರೆ ಒಂದು.

ಆ ಒಂಟಿ ಎಳೆಯಲ್ಲಿ ಗಂಟು ಬಿಗಿಯಾಗಿ ಕೂರುವುದಿಲ್ಲ, ಸ್ಪ್ರಿಂಗ್ ಥರ ಬಿಚ್ಚಿಕೊಳ್ಳುತ್ತದೆ. ಸರವೂ ಕತ್ತಿನ ಮೇಲೆ ಬಾಗದೆ ಸೆಟೆದು ನಿಲ್ಲುತ್ತದೆ. ಹಾಗಾಗಿ ರೇಷ್ಮೆ ಹಾಕಿದೆ. ಸಡಿಲವಾಗಿ ಗಂಟು ಹಾಕಿ, ಅದರೊಳಗೆ ಸೂಜಿ ಇಟ್ಟು, ಗಂಟನ್ನು ಮುತ್ತಿಗೆ ತಾಗುವ ತನಕ ಜಾರಿಸಿಕೊಂಡು ಹೋಗಬೇಕು. ತಾಗಿದ ಮೇಲೆ ಸೂಜಿ ತೆಗೆದು, ಬೆರಳಿನ ಉಗುರಿನಿಂದ ಗಂಟನ್ನು ಮುತ್ತಿನ ಕಡೆ ಒತ್ತಿ ಹಿಡಿದೇ ದಾರ ಎಳೆಯಬೇಕು. ಗಂಟು ತೂತಿಗಿಂತ ದಪ್ಪ ಇರಬೇಕು, ಇಲ್ಲದಿದ್ದರೆ ಒಳಗೆ ನುಗ್ಗಿಬಿಡುತ್ತದೆ. ಅಂಟು ಕೊನೆಯ ಗಂಟುಗಳಿಗೆ ಮಾತ್ರ ಒಂದು ಹನಿ. ಅದೂ ಸೂಪರ್ ಗ್ಲೂ ಬೇಡ, ದಾರ ಕಡ್ಡಿಯಂತಾಗಿ ಅಲ್ಲೇ ಮುರಿಯುತ್ತದೆ.

ಗಂಟುಗಳಿಂದಾಗಿ ಸರ ಒಂದು ಇಂಚಿಗಿಂತ ಜಾಸ್ತಿ ಉದ್ದವಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಳತೆ ಮುಖ್ಯ ಅನ್ನುವವರಿಗೆ ನಾಲ್ಕೈದು ಮುತ್ತು ತೆಗೆದು ಕೈಗೆ ಕೊಡುತ್ತೇನೆ.

ಹಾಗಂತ ನೈಲಾನ್ ಬೇಡವೇ ಬೇಡ ಅಂತಲ್ಲ. ಗಾಜಿನ ಮಣಿ, ಭಾರದ ಕಲ್ಲು, ಚೂಪು ಅಂಚಿನ ಲೋಹದ ಗುಂಡು ಇದ್ದರೆ ಅವು ರೇಷ್ಮೆಯನ್ನು ಬೇಗ ಕೊಯ್ಯುತ್ತವೆ. ಅಲ್ಲಿ ನಾನೂ ಹಲವು ಎಳೆ ಸೇರಿಸಿ ಹುರಿ ಮಾಡಿದ ನೈಲಾನ್ ದಾರವನ್ನೇ ಹಾಕುತ್ತೇನೆ. ಹುರಿ ದಾರದಲ್ಲಿ ಗಂಟೂ ಚೆನ್ನಾಗಿ ಕೂರುತ್ತದೆ.

ರೇಷ್ಮೆ ಹಿಗ್ಗುತ್ತದೆ, ಕೊಳೆ ಹಿಡಿಯುತ್ತದೆ. ದಿನಾ ಹಾಕುವ ಸರವನ್ನು ವರ್ಷಕ್ಕೊಮ್ಮೆ ಹೊಸದಾಗಿ ಪೋಣಿಸಿ. ಮದುವೆ, ಹಬ್ಬಕ್ಕೆ ಮಾತ್ರ ಹಾಕುವುದಾದರೆ ಎರಡು ಮೂರು ವರ್ಷ ಬರುತ್ತದೆ. ಆದರೆ ಕ್ಯಾಲೆಂಡರಿಗಿಂತ ಸರವನ್ನೇ ನೋಡುವುದು ವಾಸಿ. ಮುತ್ತಿಗೂ ಗಂಟಿಗೂ ನಡುವೆ ದಾರ ಕಾಣುತ್ತಿದೆಯಾ, ಮುತ್ತು ಆ ಸಂದಿನಲ್ಲಿ ಅತ್ತಿತ್ತ ಜಾರುತ್ತಿದೆಯಾ, ಕೊಕ್ಕೆಯ ಹತ್ತಿರ ನೂಲು ಎದ್ದಿದೆಯಾ? ಇದರಲ್ಲಿ ಒಂದು ಕಂಡರೂ ಹಾಕಿಕೊಳ್ಳುವುದನ್ನು ನಿಲ್ಲಿಸಿ, ಪೋಣಿಸಲು ಕೊಡಿ. ಮೊದಲು ಕಡಿಯುವುದು ಸಾಮಾನ್ಯವಾಗಿ ಆ ಕೊಕ್ಕೆಯ ಹತ್ತಿರವೇ.