ಹದಿನೈದು ಗೆರೆಯ ನಾಣ್ಯ

2018ರ ಬೇಸಿಗೆಯಲ್ಲಿ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ದೊಡ್ಡಪ್ಪ ಒಂದು ಚಿತ್ರ ಹಾಕಿದರು. ಅಕ್ಕಪಕ್ಕದಲ್ಲಿ ಎರಡು ಹತ್ತು ರೂಪಾಯಿ ನಾಣ್ಯ. ಒಂದರಲ್ಲಿ 10 ಗೆರೆಗಳು, ಜೊತೆಗೆ ರೂಪಾಯಿ ಚಿಹ್ನೆ. ಅದಕ್ಕೆ ಹಸಿರು ಟಿಕ್ಕು. ಇನ್ನೊಂದರಲ್ಲಿ 15 ಗೆರೆಗಳು, ಚಿಹ್ನೆ ಇಲ್ಲ. ಅದಕ್ಕೆ ಕೆಂಪು ಇಂಟು ಮಾರ್ಕು. ಕೆಳಗೆ, ‘ಇದು ನಕಲಿ, ಯಾರೂ ತಗೋಬೇಡಿ, ಎಲ್ಲರಿಗೂ ತಿಳಿಸಿ.’

ಇಂಥವು ದಿನಾ ಬರುತ್ತವೆ, ನೋಡಿ ಸುಮ್ಮನಾಗಬಹುದಿತ್ತು. ಆದರೆ ನಮ್ಮ ಅತ್ತೆ ತಿಪಟೂರಿನಲ್ಲಿ ದೇವಸ್ಥಾನದ ಮುಂದೆ ಹೂ ಮಾರುತ್ತಾರೆ. ಕೂಡಲೇ ಅವರ ವಾಯ್ಸ್ ಮೆಸೇಜು ಬಂತು: “ಅಣ್ಣಾ, ನನ್ನ ಹತ್ರ ಒಂದು ಡಬ್ಬಿ ತುಂಬ ಅವೇ ಇದಾವಲ್ಲೋ, ಏನ್ ಮಾಡ್ಲಿ?” ಅದರ ಬೆನ್ನಿಗೇ ನನ್ನ ತಮ್ಮ ಎರಡು ನಗುವ ಮುಖ ಹಾಕಿ ‘ಫೇಕು ದೊಡ್ಡಪ್ಪ’ ಎಂದು ಬರೆದ. ಅವನಿಗೆ ಫೋನ್ ಮಾಡಿ ಅದನ್ನು ಅಳಿಸಿಸಿದೆ. ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಇರುವ ಗ್ರೂಪು ಅದು. ಅಲ್ಲಿ ನಗೆಪಾಟಲಾದ ಹಿರಿಯರು ಆಮೇಲೆ ತಮ್ಮ ಮಾತನ್ನೇ ಸಾಧಿಸಲು ನಿಲ್ಲುತ್ತಾರೆ, ನಾಣ್ಯದ ವಿಚಾರ ಹಿಂದಕ್ಕೆ ಸರಿಯುತ್ತದೆ.

ದೊಡ್ಡಪ್ಪ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಟಿವಿಯಲ್ಲಿ ಬಂದದ್ದನ್ನು ನಂಬುವುದಿಲ್ಲ; ಸುತ್ತೋಲೆ, ತಾರೀಖು ಇದ್ದರೆ ನಂಬುತ್ತಾರೆ. ಹಾಗಾಗಿ ಯಾವುದೋ ಸುದ್ದಿ ಜಾಲತಾಣದ ಲಿಂಕು ಹುಡುಕದೆ ನೇರವಾಗಿ rbi.org.in ತೆರೆದೆ. ನಾಣ್ಯ ಟಂಕಿಸುವುದು ಕೇಂದ್ರ ಸರ್ಕಾರ, ಚಲಾವಣೆಗೆ ಬಿಡುವುದು ರಿಸರ್ವ್ ಬ್ಯಾಂಕು. ಇದರಲ್ಲಿ ಅವರ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಪತ್ರಿಕಾ ಪ್ರಕಟಣೆಗಳ ವಿಭಾಗದಲ್ಲಿ 2018ರ ಜನವರಿ 17ರದ್ದು ಸಿಕ್ಕಿತು. ಅಲ್ಲಿಯವರೆಗೆ ಹತ್ತು ರೂಪಾಯಿ ನಾಣ್ಯವನ್ನು 14 ವಿನ್ಯಾಸಗಳಲ್ಲಿ ಹೊರತಂದಿದ್ದೇವೆ, ಎಲ್ಲವೂ ಕಾನೂನುಬದ್ಧ ಎಂಬುದು ಅದರ ಸಾರ.

ಸಂಜೆ ದೊಡ್ಡಪ್ಪನಿಗೊಬ್ಬರಿಗೇ ಫೋನ್ ಮಾಡಿದೆ. “ನೀವು ಕಳಿಸಿದ ಫೋಟೋ ನೋಡ್ದೆ. ಎರಡು ಥರದ ನಾಣ್ಯ ಇರೋದು ನಿಜಾನೇ. ನಿಮ್ಮ ಹತ್ರ ಎರಡೂ ಇದ್ರೆ ಈಚೆ ತೆಗೀರಿ, ಇಸವಿ ಏನಿದೆ ನೋಡೋಣ.” ಈ ಫಾರ್ವರ್ಡಿನ ಬಲವೇ ಅದು: ಅರ್ಧ ಸತ್ಯ. ಗೆರೆಗಳ ಲೆಕ್ಕ ಸರಿಯಾಗಿಯೇ ಇದೆ, ಯಾರು ಎಣಿಸಿದರೂ ತಾಳೆಯಾಗುತ್ತದೆ. ಹಾಗೆ ತಾಳೆಯಾದ ಮೇಲೆ ‘ನಕಲಿ’ ಎಂಬ ಮಾತೂ ಅದರ ಜೊತೆಯಲ್ಲೇ ಒಳಗೆ ನುಸುಳಿಬಿಡುತ್ತದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಚಿಹ್ನೆ ಇದ್ದದ್ದರಲ್ಲಿ 2014, ಇಲ್ಲದ್ದರಲ್ಲಿ 2009.

“ದೊಡ್ಡಪ್ಪ, ರೂಪಾಯಿ ಚಿಹ್ನೆ ಬಂದಿದ್ದೇ 2010ರ ಜುಲೈನಲ್ಲಿ. 2009ರ ನಾಣ್ಯದ ಮೇಲೆ ಹೆಂಗೆ ಇರುತ್ತೆ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಗಾದ್ರೆ ಅದು ಹಳೇ ಅಚ್ಚು ಅಷ್ಟೆ ಅನ್ನು.” ಈ ಮಾತು ಅವರ ಬಾಯಿಂದಲೇ ಬಂತು, ನಾನು ಹೇಳಬೇಕಾಗಲಿಲ್ಲ. ಪ್ರಕಟಣೆಯ ಪುಟವನ್ನು ಅವರಿಗೆ ಕಳಿಸಿ, 14440ಕ್ಕೆ ಮಿಸ್ಡ್ ಕಾಲ್ ಕೊಟ್ಟು ನೋಡಿ ಎಂದೆ. ರಿಸರ್ವ್ ಬ್ಯಾಂಕು ಆಗ ಇದೇ ನಾಣ್ಯದ ಗೊಂದಲಕ್ಕಾಗಿ ಇಟ್ಟಿದ್ದ ನಂಬರು ಅದು. ವಾಪಸು ಕರೆ ಬಂದು, ರೆಕಾರ್ಡ್ ಮಾಡಿದ ದನಿಯಲ್ಲಿ ಅದೇ ಮಾಹಿತಿ ಅವರ ಕಿವಿಗೂ ಬಿತ್ತು.

ರಾತ್ರಿ ಗ್ರೂಪಿನಲ್ಲಿ ಅವರೇ ಬರೆದರು, ಸಂಘದ ನೋಟೀಸಿನ ಧಾಟಿಯಲ್ಲೇ: ‘ಬೆಳಿಗ್ಗೆಯ ಚಿತ್ರದ ಬಗ್ಗೆ ವಿಚಾರಿಸಲಾಗಿ, ಎರಡೂ ನಾಣ್ಯಗಳು ಅಸಲಿ ಎಂದು ತಿಳಿದುಬಂದಿದೆ. ರಿಸರ್ವ್ ಬ್ಯಾಂಕಿನ ಪ್ರಕಟಣೆ ಲಗತ್ತಿಸಿದೆ.’ ನಾನು ‘ವಿಚಾರಿಸಿದ್ದು ಒಳ್ಳೇದಾಯ್ತು ದೊಡ್ಡಪ್ಪ’ ಎಂದಷ್ಟೇ ಹಾಕಿದೆ. ಬೆಳಗಿನ ಚಿತ್ರವನ್ನು ಅಳಿಸಿ ಅಂತ ಹೇಳಲಿಲ್ಲ. ಅಷ್ಟರಲ್ಲಿ ಅದು ಇನ್ನೂ ನಾಲ್ಕು ಕಡೆ ಹೋಗಿತ್ತು. ಹೋದಲ್ಲಿಗೆಲ್ಲ ಅವರೇ ಈ ತಿದ್ದುಪಡಿಯನ್ನೂ ಕಳಿಸಿದರು. ಚಿತ್ರ ಮೊದಲು ಬಂದಿದ್ದ ವಾಕಿಂಗ್ ಗೆಳೆಯರ ಗ್ರೂಪಿಗೆ ನಾನೇನಾದರೂ ಬುದ್ಧಿ ಹೇಳಲು ಹೋಗಿದ್ದರೆ ಒಳಗೂ ಬಿಡುತ್ತಿರಲಿಲ್ಲ.

ಅತ್ತೆಯ ಕಷ್ಟ ಮಾತ್ರ ಇಷ್ಟಕ್ಕೆ ತೀರಲಿಲ್ಲ. “ಕಾನೂನೆಲ್ಲ ಸರಿ ಕಣೋ, ಗಿರಾಕಿಗೆ ಚಿಲ್ರೆ ಅಂತ ಕೊಟ್ರೆ ವಾಪಸ್ ಕೊಡ್ತಾರಲ್ಲ” ಎಂದರು. ಅದು ನಿಜವೇ. ರಿಸರ್ವ್ ಬ್ಯಾಂಕು ಏನೇ ಬರೆದರೂ ಎದುರು ನಿಂತ ಗಿರಾಕಿ ತೆಗೆದುಕೊಳ್ಳದಿದ್ದರೆ ಅವಳೊಡನೆ ಜಗಳಕ್ಕೆ ನಿಲ್ಲಲಾಗುತ್ತದೆಯೇ? ಆದರೆ ಅದೇ ಪ್ರಕಟಣೆಯಲ್ಲಿ, ಎಲ್ಲ ಶಾಖೆಗಳಲ್ಲೂ ನಾಣ್ಯ ಸ್ವೀಕರಿಸಬೇಕೆಂದು ಬ್ಯಾಂಕುಗಳಿಗೆ ತಿಳಿಸಿರುವುದಾಗಿಯೂ ಇತ್ತು. ದೊಡ್ಡಪ್ಪ ಅದನ್ನು ಪ್ರಿಂಟ್ ತೆಗೆಸಿ, ಆ ಸಾಲಿನ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದು, ಡಬ್ಬಿಯ ಸಮೇತ ತಂಗಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಕ್ಯಾಷಿಯರ್ ಮೊದಲು ಮುಖ ಗಂಟಿಕ್ಕಿದ. ಹಾಳೆ ಓದಿದ ಮೇಲೆ ಎಣಿಸಿ ಅತ್ತೆಯ ಖಾತೆಗೆ ಜಮಾ ಮಾಡಿದ.